ಲಾಭ ತೋರುವ ಯೋಜನೆಗೆ ‘ಬೇಡ’ ಎನ್ನುವ ಟಿಪ್ಪಣಿ

ಲಾಭ-ನಷ್ಟ ಪತ್ರಿಕೆಯಲ್ಲಿ ಲಾಭ ಕಾಣುವ ಯೋಜನೆಯನ್ನು ತಿರಸ್ಕರಿಸಬೇಕೆಂದು ಆಡಳಿತ ಮಂಡಳಿಗೆ ಬರೆಯುವುದು ಲೆಕ್ಕಾಧಿಕಾರಿಗೆ ಸುಲಭದ ಕೆಲಸವಲ್ಲ. ಆದರೂ ಕೆಲವೊಮ್ಮೆ ಅದೇ ಸರಿಯಾದ ಸಲಹೆಯಾಗಿರುತ್ತದೆ.

ವಾಹನಗಳ ಬಿಡಿಭಾಗ ತಯಾರಿಸುವ ಸಣ್ಣ ಘಟಕವೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಹೊಸ ಯಂತ್ರಕ್ಕೆ 100 ಲಕ್ಷ ರೂ. ಬೇಕು. ದಾಸ್ತಾನು ಹಾಗೂ ಗ್ರಾಹಕರ ಬಾಕಿಗಾಗಿ ಇನ್ನೂ 10 ಲಕ್ಷ ದುಡಿಯುವ ಬಂಡವಾಳ ಬೇಕು. ಯಂತ್ರದ ಆಯುಷ್ಯ 5 ವರ್ಷ. ಕೊನೆಗೆ ಅದರಿಂದ ಏನೂ ಬಾರದು. ತೆರಿಗೆ ಕಳೆದು ವರ್ಷಕ್ಕೆ 26 ಲಕ್ಷ ನಗದು ಕೈಸೇರುತ್ತದೆ. 20 ಲಕ್ಷ ಸವಕಳಿ ಕಳೆದರೆ ವಾರ್ಷಿಕ ಲಾಭ 6 ಲಕ್ಷ, ಐದು ವರ್ಷಕ್ಕೆ 30 ಲಕ್ಷ. ಯೋಜನೆ ಆಕರ್ಷಕವಾಗಿಯೇ ಕಾಣುತ್ತದೆ.

ಆದರೆ ಈ ಲೆಕ್ಕದಲ್ಲಿ ತೊಡಗಿಸಿದ ಬಂಡವಾಳಕ್ಕೆ ಬಾಡಿಗೆಯೇ ಇಲ್ಲ. ಬ್ಯಾಂಕಿನ ಸಾಲಕ್ಕೆ ಬಡ್ಡಿ ಬರೆಯುವ ಲೆಕ್ಕಪುಸ್ತಕ, ಮಾಲೀಕರ ಹಣಕ್ಕೆ ಏನನ್ನೂ ಬರೆಯುವುದಿಲ್ಲ. ಸಾಲ ಹಾಗೂ ಸ್ವಂತ ಹಣ ಸೇರಿ ಬಂಡವಾಳದ ವೆಚ್ಚ ಶೇ. 14 ಎಂದಾದರೆ, ಐದನೆಯ ವರ್ಷದ 26 ಲಕ್ಷದ ಇಂದಿನ ಬೆಲೆ ಕೇವಲ ಹದಿಮೂರೂವರೆ ಲಕ್ಷ. ಐದೂ ವರ್ಷಗಳ ನಗದಿನ ಇಂದಿನ ಮೌಲ್ಯ 89.26 ಲಕ್ಷ. ಕೊನೆಯಲ್ಲಿ ಮರಳುವ ದುಡಿಯುವ ಬಂಡವಾಳದ್ದು 5.19 ಲಕ್ಷ. ಒಟ್ಟು 94.45 ಲಕ್ಷ. ಹೂಡುವುದು 110 ಲಕ್ಷವಾದ್ದರಿಂದ ನಿವ್ವಳ ಪ್ರಸ್ತುತ ಮೌಲ್ಯ ಋಣಾತ್ಮಕ: 15.55 ಲಕ್ಷ ಕೊರತೆ.

ಟಿಪ್ಪಣಿಯ ಮೊದಲ ವಾಕ್ಯದಲ್ಲಿಯೇ ತಿರಸ್ಕಾರದ ಶಿಫಾರಸು ಇರಬೇಕು. ಈ ಎರಡು ಲೆಕ್ಕಗಳು ಅದರ ಕೆಳಗೆ ಅಕ್ಕಪಕ್ಕದಲ್ಲಿರಬೇಕು. ಶೇ. 14ರ ದರ ಹೆಚ್ಚಾಯಿತೆಂಬ ಆಕ್ಷೇಪ ನಿರ್ದೇಶಕರಿಂದ ಬಂದೇ ಬರುತ್ತದೆ. ಶೇ. 10ರಲ್ಲಿಯೂ ಸುಮಾರು 5 ಲಕ್ಷ ಕೊರತೆ ಉಳಿಯುತ್ತದೆಂಬುದನ್ನು ಮೊದಲೇ ತೋರಿಸಿದರೆ ಚರ್ಚೆ ದರದ ಸುತ್ತ ಸುತ್ತುವುದಿಲ್ಲ. ಈ ಯೋಜನೆ ನಿಜವಾಗಿ ಗಳಿಸಿಕೊಡುವುದು ಶೇ. 8ಕ್ಕಿಂತ ತುಸು ಹೆಚ್ಚು, ಅಷ್ಟೇ.

ಎರಡು ಎಚ್ಚರಿಕೆಗಳು ಅಗತ್ಯ. ಬಂಡವಾಳದ ವೆಚ್ಚದ ದರದಲ್ಲಿಯೇ ಬಡ್ಡಿ ಅಡಕವಾಗಿರುವುದರಿಂದ, ನಗದಿನಿಂದ ಮತ್ತೆ ಬಡ್ಡಿ ಕಳೆದರೆ ಒಂದೇ ವೆಚ್ಚ ಎರಡು ಬಾರಿ ಲೆಕ್ಕಕ್ಕೆ ಬಂದು, ಒಳ್ಳೆಯ ಯೋಜನೆಯೂ ಕೆಟ್ಟದ್ದಾಗಿ ಕಾಣುತ್ತದೆ. ಇನ್ನು, ಹೊಸ ಯಂತ್ರವಿಲ್ಲದಿದ್ದರೆ ಈಗಿರುವ ದೊಡ್ಡ ಗ್ರಾಹಕರೇ ಕೈತಪ್ಪುವಂತಿದ್ದರೆ, ಆ ನಷ್ಟವನ್ನು ತಪ್ಪಿಸಿದ ನಗದೂ ಯೋಜನೆಯ ಲೆಕ್ಕಕ್ಕೆ ಸೇರಬೇಕು. ಆಗ ಶಿಫಾರಸೇ ಬದಲಾಗಬಹುದು.

ಟಿಪ್ಪಣಿ ‘ಬೇಡ’ ಎಂಬಲ್ಲಿಗೇ ನಿಲ್ಲಬಾರದು. ವಾರ್ಷಿಕ ನಗದು 26ರಿಂದ ಮೂವತ್ತೂವರೆ ಲಕ್ಷಕ್ಕೆ ಏರಿದರೆ ಯೋಜನೆ ಸರಿದೂಗುತ್ತದೆ. ಮಾರಾಟ ದರದಿಂದಲೋ ಹೆಚ್ಚಿನ ಪಾಳಿಯಿಂದಲೋ ಆ ನಾಲ್ಕೂವರೆ ಲಕ್ಷವನ್ನು ತರಲು ಸಾಧ್ಯವೇ ಎಂಬುದೇ ಮಂಡಳಿಯ ಮುಂದಿಡಬೇಕಾದ ಪ್ರಶ್ನೆ. ಅದಕ್ಕೆ ಲಿಖಿತ ಬೇಡಿಕೆಯ ಆಧಾರ ದೊರೆಯುವವರೆಗೆ ಯಂತ್ರಕ್ಕೆ ಮುಂಗಡ ಕೊಡದಿರುವುದೇ ಲೇಸು.