ರೀಸೆಟ್ ಹೊಡೆಯುವ ಮುಂಚೆ ಒಂದು ಭಾನುವಾರ ಕೊಡಿ

ಪುತ್ತೂರು, ಸುಳ್ಯ, ಕಡಬ ಕಡೆಯಿಂದ ಕಾಲೇಜಿಗೆ ಬರುವ ನಮಗೆಲ್ಲ ಒಂದು ಕೆಲಸ ತಪ್ಪಿದ್ದಲ್ಲ. ಶನಿವಾರ ಮನೆ ಸೇರಿದ್ದೇ ತಡ, "ಇಂಜಿನಿಯರಿಂಗ್ ಓದುವುದಲ್ವಾ, ಈ ಫೋನಿಗೆ ಎಂತ ಆಗಿದೆ ನೋಡು ಮಾರಾಯ" ಅಂತ ಯಾರಾದರೂ ಫೋನ್ ಕೈಗೆ ಕೊಡ್ತಾರೆ. ತನ್ನಷ್ಟಕ್ಕೆ ರೀಸ್ಟಾರ್ಟ್ ಆಗ್ತದೆ, ಇಲ್ಲವೇ ಆಪ್ ತೆರೆದ ಕೂಡಲೇ ಮುಚ್ಚಿ ಹೋಗ್ತದೆ. ನಮ್ಮಲ್ಲಿ ಹೆಚ್ಚಿನವರು ಹತ್ತು ನಿಮಿಷ ತಡಕಾಡಿ ಕೊನೆಗೆ ಫ್ಯಾಕ್ಟರಿ ರೀಸೆಟ್ ಹೊಡೆಯುತ್ತೇವೆ. ನನ್ನ ತಕರಾರು ಇರುವುದು ಈ ಅಭ್ಯಾಸದ ಮೇಲೆ. ರೀಸೆಟ್ ಮಾಡಿದರೆ ತೊಂದರೆ ಹೋದರೂ ಹೋಗಬಹುದು, ಆದರೆ ಯಾಕೆ ಬಂದಿತ್ತು ಅಂತ ಗೊತ್ತಾಗುವುದಿಲ್ಲ. ಅದೇ ಆಪ್‌ಗಳನ್ನು ಮತ್ತೆ ಹಾಕಿದ ಮೇಲೆ ಹದಿನೈದು ದಿನದಲ್ಲಿ ಫೋನ್ ವಾಪಸ್ ನಮ್ಮ ಕೈಗೇ ಬರ್ತದೆ.

ಅದಕ್ಕೆ ತೆರುವ ಬೆಲೆಯೂ ಸಣ್ಣದಲ್ಲ. ನೆಟ್‌ವರ್ಕ್ ಸರಿಯಾಗಿ ಸಿಗದ ಮನೆಯಲ್ಲಿ ಫೋಟೋಗಳೆಲ್ಲ ಕ್ಲೌಡಿಗೆ ಹೋಗಿರ್ತವೆ ಅಂತ ನಂಬುವುದೇ ತಪ್ಪು. ಯುಪಿಐ ಆಪ್‌ಗಳನ್ನೆಲ್ಲ ಮತ್ತೆ ನೋಂದಾಯಿಸಬೇಕು, ಅದಕ್ಕೆ ಅದೇ ಸಿಮ್ಮಿನಿಂದ ಎಸ್ಸೆಮ್ಮೆಸ್ ಹೋಗಬೇಕು. ಇನ್ನು ಬಟನ್ ಒತ್ತಿ ರಿಕವರಿ ಮೆನುವಿನಿಂದ ರೀಸೆಟ್ ಮಾಡಿದರೆ, ಮೊದಲಿದ್ದ ಗೂಗಲ್ ಖಾತೆಯ ಪಾಸ್‌ವರ್ಡ್ ಕೊಡುವವರೆಗೆ ಫೋನ್ ಮುಂದಕ್ಕೆ ಹೋಗುವುದಿಲ್ಲ. ಆ ಪಾಸ್‌ವರ್ಡ್ ಮನೆಯಲ್ಲಿ ಯಾರಿಗೆ ನೆನಪಿರ್ತದೆ?

ಕಡಬದ ಹತ್ತಿರ ತೋಟ ಇರುವ ನನ್ನ ಮಾವನ ಫೋನ್ ಒಂದು ಒಳ್ಳೆಯ ಉದಾಹರಣೆ. 32 ಜಿಬಿಯ ಹಳೆಯ ಫೋನ್. ಎರಡು ತೊಂದರೆ ಒಟ್ಟಿಗೇ ಇದ್ದವು: ವಾಟ್ಸಾಪ್ ಮತ್ತೆ ಮತ್ತೆ ನಿಂತು ಹೋಗುವುದು, ಮತ್ತು ಸುಮಾರು ಮೂರು ಗಂಟೆಗೊಮ್ಮೆ ಫೋನೇ ರೀಸ್ಟಾರ್ಟ್ ಆಗುವುದು. ಮೊದಲು ನೋಡಿದ್ದು ಸ್ಟೋರೇಜ್. ಸೆಟ್ಟಿಂಗ್ಸ್‌ನಲ್ಲಿ ಖಾಲಿ ಇದ್ದದ್ದು ಬರೀ 700 ಎಂಬಿ. ಒಟ್ಟು ಜಾಗದ ಹತ್ತರಲ್ಲಿ ಒಂದು ಪಾಲಿಗಿಂತ ಕಮ್ಮಿ ಖಾಲಿ ಇದ್ದರೆ ತೊಂದರೆ ಶುರುವಾಗಬಹುದು ಅಂತ ಗೂಗಲ್ ಹೇಳ್ತದೆ. ಈ ಫೋನಿಗೆ ಆ ಲೆಕ್ಕದಲ್ಲಿ 3 ಜಿಬಿಯಾದರೂ ಬೇಕು.

ಜಾಗ ಇಲ್ಲದಿದ್ದರೆ ಫೋಟೋ ತೆಗೆಯಲಿಕ್ಕೆ ಆಗುವುದಿಲ್ಲ, ಸರಿ. ಆಪ್ ಯಾಕೆ ಸಾಯಬೇಕು? ಯಾಕೆಂದರೆ ಬರುವ ಪ್ರತಿ ಮೆಸೇಜನ್ನೂ ಆಪ್ ತನ್ನ ಎಸ್‌ಕ್ಯೂಲೈಟ್ ಡೇಟಾಬೇಸಿನಲ್ಲಿ ಬರೆಯುತ್ತದೆ. ಬರೆಯುವಾಗ ಪಕ್ಕದಲ್ಲಿ ಇನ್ನೊಂದು ತಾತ್ಕಾಲಿಕ ಫೈಲಿಗೂ ಜಾಗ ಬೇಕು, ಕರೆಂಟ್ ಹೋದರೂ ಡೇಟಾ ಹಾಳಾಗಬಾರದು ಅಂತ ಆ ವ್ಯವಸ್ಥೆ. ಜಾಗ ಸಿಗದಿದ್ದರೆ ಡೇಟಾಬೇಸ್ ಎರರ್ ಕೊಡ್ತದೆ, ಆಪ್ ಅದನ್ನು ನಿಭಾಯಿಸದಿದ್ದರೆ ಅಲ್ಲಿಗೇ ಮುಚ್ಚಿಕೊಳ್ತದೆ. ಮತ್ತೆ ತೆರೆದರೆ ಅದೇ ಕಥೆ.

ವಾಟ್ಸಾಪ್‌ನ Manage storage ಪುಟದಲ್ಲಿ ದೊಡ್ಡ ಫೈಲುಗಳೂ ತುಂಬಾ ಸಲ ಫಾರ್ವರ್ಡ್ ಆದವೂ ಬೇರೆ ಬೇರೆಯಾಗಿ ಕಾಣ್ತವೆ. ಅಲ್ಲಿ ಯಕ್ಷಗಾನದ ವಿಡಿಯೋ, ಶುಭೋದಯದ ಚಿತ್ರ, ಅಡಿಕೆ ಧಾರಣೆಯ ಫೋಟೋಗಳೇ ರಾಶಿ. ಮಾವನ ಸ್ವಂತ ಫೋಟೋಗಳನ್ನು ಕೇಬಲ್ ಹಾಕಿ ಲ್ಯಾಪ್‌ಟಾಪಿಗೆ ತೆಗೆದು, ಮಾವನನ್ನೇ ಪಕ್ಕದಲ್ಲಿ ಕೂರಿಸಿ ಒಂದೊಂದೇ ಕೇಳಿ ಅಳಿಸಿದ ಮೇಲೆ 6 ಜಿಬಿ ಖಾಲಿ ಆಯಿತು. (ಯಕ್ಷಗಾನದ್ದನ್ನು ಅಳಿಸಲು ಬಿಡಲಿಲ್ಲ, ಅದನ್ನೂ ಲ್ಯಾಪ್‌ಟಾಪಿಗೆ ಹಾಕಬೇಕಾಯಿತು.) ವಾಟ್ಸಾಪ್ ನಿಲ್ಲುವುದು ಅಲ್ಲಿಗೆ ಬಂದ್. ರೀಸ್ಟಾರ್ಟ್ ಮಾತ್ರ ಹಾಗೇ ಉಳಿಯಿತು.

ಇಲ್ಲಿ ಎಲ್ಲರೂ ಮರೆಯುವ ಒಂದು ಪರೀಕ್ಷೆ ಉಂಟು. ಅಬೌಟ್ ಫೋನ್‌ನ ಒಳಗೆ ಸ್ಟೇಟಸ್‌ನಲ್ಲೋ ಪಕ್ಕದಲ್ಲೋ Up time ಅಂತ ಇರ್ತದೆ. ಮಾವನ ಫೋನ್ ಬೆಳಿಗ್ಗೆಯಷ್ಟೇ "ರೀಸ್ಟಾರ್ಟ್" ಆಗಿತ್ತು, ಆದರೆ ಅಪ್‌ಟೈಮ್ ನಾಲ್ಕು ದಿನ ತೋರಿಸುತ್ತಿತ್ತು. ಅಂದರೆ ಕರ್ನಲ್ ಓಡುತ್ತಲೇ ಇತ್ತು, ಅದರ ಮೇಲೆ ಕೂತ ಆಂಡ್ರಾಯ್ಡ್‌ನ ಸಿಸ್ಟಂ ಸರ್ವರ್ ಮಾತ್ರ ಬಿದ್ದು ಎದ್ದಿತ್ತು. ಹಾಗಾಗಿ ಬ್ಯಾಟರಿಯ ಮೇಲೆ ಸಂಶಯ ಪಡುವ ಅಗತ್ಯ ಇರಲಿಲ್ಲ. ಅಪ್‌ಟೈಮ್ ಸೊನ್ನೆಯಿಂದ ಶುರುವಾಗಿದ್ದರೆ ಕಥೆ ಬೇರೆ. ಅದರಲ್ಲೂ ಚಾರ್ಜ್ 30-40 ಶೇಕಡಾ ಇರುವಾಗ ಕ್ಯಾಮೆರಾ ತೆರೆದ ಕೂಡಲೇ ಫೋನ್ ಆಫ್ ಆಗ್ತದೆ, ಚಾರ್ಜರ್ ಹಾಕಿದ್ದರೆ ಆಗುವುದಿಲ್ಲ ಅಂತಾದರೆ ಬ್ಯಾಟರಿ ಸೋತಿದೆ ಅಂತಲೇ ಹೆಚ್ಚಿನ ಸಂಶಯ.

ಆಮೇಲೆ ಸೇಫ್ ಮೋಡ್. ಪವರ್ ಮೆನು ತಂದು Power off ಮೇಲೆ ಬೆರಳು ಒತ್ತಿಯೇ ಹಿಡಿದರೆ ಹೆಚ್ಚಿನ ಫೋನ್‌ಗಳಲ್ಲಿ Reboot to safe mode ಅಂತ ಕೇಳ್ತದೆ. ಕೆಲವು ಕಂಪನಿಯವುಗಳಲ್ಲಿ ಫೋನ್ ಆನ್ ಮಾಡಿ, ಲೋಗೋ ಬಂದಾಗ ವಾಲ್ಯೂಮ್ ಡೌನ್ ಹಿಡಿಯಬೇಕು. ಪರದೆಯ ಮೂಲೆಯಲ್ಲಿ Safe mode ಅಂತ ಬರೆದಿರ್ತದೆ. ನಾವು ಹಾಕಿದ ಆಪ್ ಯಾವುದೂ ಆಗ ಓಡುವುದಿಲ್ಲ. ಡೇಟಾ ಅಳಿಯುವುದಿಲ್ಲ, ಮತ್ತೆ ರೀಸ್ಟಾರ್ಟ್ ಮಾಡಿದರೆ ಎಲ್ಲ ಮೊದಲಿನಂತೆ. ಹೋಮ್ ಸ್ಕ್ರೀನಿನ ವಿಡ್ಜೆಟ್‌ಗಳು ಮಾತ್ರ ಹೋಗಬಹುದು, ಮೊದಲೇ ಒಂದು ಸ್ಕ್ರೀನ್‌ಶಾಟ್ ತೆಗೆದಿಡಿ. ಫೋನ್ ಕಾಲ್ ಬರ್ತದೆ, ವಾಟ್ಸಾಪ್ ಇರುವುದಿಲ್ಲ ಅಂತ ಮನೆಯವರಿಗೂ ಹೇಳಿಡಿ, ಇಲ್ಲದಿದ್ದರೆ "ಇವ ಇದ್ದದ್ದನ್ನೂ ಹಾಳು ಮಾಡಿದ" ಅಂತ ಆಗ್ತದೆ.

ಎಷ್ಟು ಹೊತ್ತು ಬಿಡಬೇಕು? ಹೆಚ್ಚಿನವರು ಎಡವುವುದು ಇಲ್ಲಿ. ಅರ್ಧ ಗಂಟೆ ನೋಡಿ "ಸೇಫ್ ಮೋಡಿನಲ್ಲಿ ಸರಿ ಉಂಟು, ಹಾಗಾದರೆ ಆಪ್‌ನದ್ದೇ ತಪ್ಪು" ಅಂತ ತೀರ್ಪು ಕೊಡ್ತಾರೆ. ನಾವು ಪರೀಕ್ಷೆಗೆ ಉರು ಹೊಡೆದ ಪಾಯ್ಸಾನ್ ಹಂಚಿಕೆ ಇಲ್ಲಿ ಕೆಲಸಕ್ಕೆ ಬರ್ತದೆ. ಸರಾಸರಿ ಮೂರು ಗಂಟೆಗೊಮ್ಮೆ, ಯಾವಾಗ ಬೇಕಾದರೂ ಬೀಳುವ ಫೋನ್ ಒಂದು ಗಂಟೆ ಸುಮ್ಮನಿರುವ ಸಾಧ್ಯತೆ ಸುಮಾರು ಶೇ. 72. ಅಂದರೆ ಒಂದು ಗಂಟೆಯ ಪರೀಕ್ಷೆಯಿಂದ ಏನೂ ಸಾಬೀತಾಗುವುದಿಲ್ಲ. ಒಂಬತ್ತು ಗಂಟೆ ಬೀಳದಿದ್ದರೆ ಅದು ಬರೀ ಅದೃಷ್ಟ ಆಗಿರುವ ಸಾಧ್ಯತೆ ಶೇ. 5ಕ್ಕೆ ಇಳಿಯುತ್ತದೆ. ಹಾಗಾಗಿ ತೊಂದರೆಯ ಸರಾಸರಿ ಅಂತರದ ಮೂರು ಪಟ್ಟು ಕಾಯಿರಿ. ನಾನು ಭಾನುವಾರ ಕೇಳುವುದು ಅದಕ್ಕೇ.

ಮಾವನ ಫೋನ್ ಭಾನುವಾರ ಇಡೀ ದಿನ ಬೀಳಲಿಲ್ಲ. ಆಮೇಲೆ ಕಂಡಕಂಡ ಆಪ್ ತೆಗೆಯುವುದಲ್ಲ, ತೊಂದರೆ ಶುರುವಾದ ಸಮಯಕ್ಕೆ ಬಂದದ್ದು ಯಾವುದು ಅಂತ ಹುಡುಕಬೇಕು. ಸಿಕ್ಕಿದ್ದು ಒಂದು "ಕ್ಲೀನರ್" ಆಪ್. ಜಾಗ ತುಂಬಿ ಫೋನ್ ನಿಧಾನ ಆಯಿತು ಅಂತ ಯಾರೋ ಹಾಕಿಕೊಟ್ಟದ್ದು! ಸಾಮಾನ್ಯ ಆಪ್‌ಗೆ ಫೋನನ್ನು ರೀಸ್ಟಾರ್ಟ್ ಮಾಡುವ ಅನುಮತಿ ಇರುವುದಿಲ್ಲ, ನಿಜ. ಆದರೆ ಪುರುಸೊತ್ತಿಲ್ಲದೆ ಸಿಸ್ಟಂ ಸರ್ವರ್‌ಗೆ ಕೆಲಸ ಹಚ್ಚಿ ಅದನ್ನು ಬೀಳಿಸಬಹುದು, ಅದು ಬಿದ್ದರೆ ಎಲ್ಲವೂ ಬಿದ್ದ ಹಾಗೆ. ಅದನ್ನೊಂದನ್ನೇ ತೆಗೆದು ಮತ್ತೆ ಒಂದು ದಿನ ನೋಡಿದ್ದು. ರೀಸ್ಟಾರ್ಟ್ ಮತ್ತೆ ಬರಲಿಲ್ಲ.

ಸೇಫ್ ಮೋಡ್ ಎಲ್ಲವನ್ನೂ ಹಿಡಿಯುತ್ತದೆ ಅಂತ ನಾನು ಹೇಳುವುದಿಲ್ಲ. 2021ರ ಮಾರ್ಚ್ 22-23ರಂದು ಜಗತ್ತಿನಾದ್ಯಂತ ಜಿಮೇಲ್ ಸಹಿತ ಎಷ್ಟೋ ಆಪ್‌ಗಳು ತೆರೆದ ಕೂಡಲೇ ಮುಚ್ಚಿದವು. ತಪ್ಪು ಇದ್ದದ್ದು ಆ ಆಪ್‌ಗಳಲ್ಲಿ ಅಲ್ಲ, ಅವುಗಳೊಳಗೆ ವೆಬ್ ಪುಟ ತೋರಿಸುವ ಆಂಡ್ರಾಯ್ಡ್ ಸಿಸ್ಟಂ ವೆಬ್‌ವ್ಯೂ ಎಂಬ ಭಾಗದಲ್ಲಿ. ಅದು ಸಿಸ್ಟಂನದ್ದೇ ಭಾಗವಾದ್ದರಿಂದ ಸೇಫ್ ಮೋಡಿನಲ್ಲೂ ಉಳಿಯುತ್ತದೆ. ಗೂಗಲ್ ಕೊಟ್ಟ ಪರಿಹಾರ, ಪ್ಲೇ ಸ್ಟೋರಿನಿಂದ ವೆಬ್‌ವ್ಯೂ ಮತ್ತು ಕ್ರೋಮ್ ಅಪ್‌ಡೇಟ್ ಮಾಡುವುದು. ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕೈದು ಆಪ್ ಒಂದೇ ದಿನ ಬೀಳಲು ಶುರುವಾದರೆ ಈಗಲೂ ಮೊದಲು ನೋಡಬೇಕಾದ್ದು ಅದನ್ನೇ. ಹಾಗೆಯೇ ಸೇಫ್ ಮೋಡಿನಲ್ಲಿ ಫೋನಿನ ಮೇಲೆ ಭಾರ ಕಮ್ಮಿ. ಸೋತ ಬ್ಯಾಟರಿಯೂ ಅಲ್ಲಿ ಒಳ್ಳೆಯದರಂತೆ ನಟಿಸಬಹುದು. ಅಪ್‌ಟೈಮ್ ಮೊದಲೇ ನೋಡಿಡಿ ಅಂದದ್ದು ಆ ಕಾರಣಕ್ಕೆ.

ಲ್ಯಾಪ್‌ಟಾಪಿನಲ್ಲಿ ಎಡಿಬಿ ಇದ್ದವರು ಸೇಫ್ ಮೋಡಿಗೆ ಹೋಗುವ ಮುಂಚೆಯೇ ಈ ಮೂರು ಸಾಲು ಓಡಿಸಿ. ಒಂದನೆಯದು ಖಾಲಿ ಜಾಗ, ಎರಡನೆಯದು ಕೊನೆಯ ಬೂಟ್‌ನ ಕಾರಣ, ಮೂರನೆಯದು ಬಿದ್ದ ಆಪ್‌ಗಳ ದಾಖಲೆ.

```
adb shell df -h /data
adb shell getprop sys.boot.reason
adb shell dumpsys dropbox --print data_app_crash
```

ಜಾಗ ಬೇಕಾದಷ್ಟು ಇದ್ದು, ಸೇಫ್ ಮೋಡಿನಲ್ಲೂ ಫೋನ್ ಬಿದ್ದರೆ ಆಗ ಡೇಟಾ ತೆಗೆದಿಟ್ಟು, ಗೂಗಲ್ ಪಾಸ್‌ವರ್ಡ್ ಕೈಯಲ್ಲಿಟ್ಟುಕೊಂಡು ರೀಸೆಟ್ ಮಾಡಿ, ನನ್ನ ಅಡ್ಡಿ ಇಲ್ಲ. ಅದಾದ ಮೇಲೂ, ಏನೂ ಆಪ್ ಹಾಕದೆಯೂ ಬಿದ್ದರೆ ಅಂಗಡಿಗೆ ಕೊಡಿ. ಕೊಡುವಾಗ ಬರೀ "ಹ್ಯಾಂಗ್ ಆಗ್ತದೆ" ಅನ್ನಬೇಡಿ. "6 ಜಿಬಿ ಖಾಲಿ ಉಂಟು, ರೀಸೆಟ್ ಆದ ಮೇಲೂ ಮೂರು ಗಂಟೆಗೊಮ್ಮೆ ಬೀಳ್ತದೆ, ಅಪ್‌ಟೈಮ್ ಸೊನ್ನೆ ಆಗ್ತದೆ" ಅನ್ನಿ. ಆಗ ಅವರು ಬ್ಯಾಟರಿಯಿಂದ ಶುರು ಮಾಡ್ತಾರೆ, ಇನ್ನೊಂದು ರೀಸೆಟ್‌ನಿಂದ ಅಲ್ಲ.