ಹಸಿರು ಶಾಯಿಗೆ ಓಟ, ಮೈಗ್ರೇಷನ್‌ಗೆ ಮರೆವು

ಪ್ರತಿ ವರ್ಷ ಜೂನ್ ಬಂತೆಂದರೆ ಊರಿನಿಂದ ನನಗೆ ಬರುವ ಕರೆಗಳಲ್ಲಿ ಒಂದು ಪ್ರಶ್ನೆ ತಪ್ಪುವುದಿಲ್ಲ: "ನಿಮಗೆ ಯಾರಾದ್ರೂ ಗೆಜೆಟೆಡ್ ಆಫೀಸರ್ ಪರಿಚಯ ಇದ್ದಾರೇನ್ರೀ?" ಮುಂಬಯಿಯ ಕಾಲೇಜಿಗೆ ಮಗನನ್ನೋ ಮಗಳನ್ನೋ ಸೇರಿಸಲು ಹೊರಟ ತಂದೆಗೆ ಝೆರಾಕ್ಸ್ ಪ್ರತಿಗಳ ಮೇಲೆ ಹಸಿರು ಶಾಯಿಯ ಸಹಿ, ದುಂಡನೆಯ ಮೊಹರು ಬೇಕು. ಆರು ಸೆಟ್ ಬೇಕು. ಅದಕ್ಕಾಗಿ ಪಶುವೈದ್ಯರ ಮನೆ, ಸರ್ಕಾರಿ ಕಾಲೇಜಿನ ಪ್ರಾಂಶುಪಾಲರ ಮನೆ ಎಲ್ಲಾ ಅಲೆದು ಬಂದಿರುತ್ತಾರೆ. "ಮೈಗ್ರೇಷನ್ ತಗೊಂಡ್ರಾ?" ಎಂದು ನಾನು ಕೇಳಿದರೆ ಆ ಕಡೆಯಿಂದ ಒಂದು ಕ್ಷಣ ಮೌನ. ಆಮೇಲೆ, "ಟಿ.ಸಿ. ತಗೊಂಡೀವಲ್ರೀ."

ಇಲ್ಲದ ನಿಯಮಕ್ಕೆ ಹೆದರಿ ಓಡುತ್ತೇವೆ, ಇರುವ ನಿಯಮವನ್ನು ಕೇಳುವುದೇ ಇಲ್ಲ. ನನ್ನ ತಕರಾರು ಇದೇ.

ದೃಢೀಕೃತ ಪ್ರತಿ ಹುಟ್ಟಿದ್ದು ಝೆರಾಕ್ಸ್ ಯಂತ್ರ ಇಲ್ಲದ ಕಾಲದಲ್ಲಿ. ಅಂಕಪಟ್ಟಿಯನ್ನು ಕೈಯಲ್ಲೋ ಟೈಪಿಂಗ್ ಯಂತ್ರದಲ್ಲೋ ನಕಲು ಮಾಡುತ್ತಿದ್ದರು. ಟೈಪಿಸ್ಟ್ 47ನ್ನು 74 ಮಾಡಿಲ್ಲ ಎಂದು ಯಾರಾದರೂ ಜವಾಬ್ದಾರಿಯುಳ್ಳವರು ಮೂಲವನ್ನು ನೋಡಿ ಹೇಳಬೇಕಿತ್ತು. ಈಗ ಯಂತ್ರವೇ ಚಿತ್ರ ತೆಗೆದುಕೊಡುತ್ತದೆ. ಮೋಸ ಮಾಡುವವನು ಮೂಲವನ್ನೇ ತಿದ್ದಿರುತ್ತಾನೆ, ಇಲ್ಲವೇ ಮೊಹರನ್ನೇ ಮಾಡಿಸಿಕೊಂಡಿರುತ್ತಾನೆ. ಕೇಂದ್ರದ ಆಡಳಿತ ಸುಧಾರಣಾ ಇಲಾಖೆ 2013ರಲ್ಲೇ ಸ್ವಯಂ ದೃಢೀಕರಣಕ್ಕೆ ಬದಲಾಗಿ ಎಂದು ಮಂತ್ರಾಲಯಗಳಿಗೆ ಬರೆಯಿತು, 2014ರಲ್ಲಿ ಅದಕ್ಕೆ ಇನ್ನಷ್ಟು ಒತ್ತು ಸಿಕ್ಕಿತು. ವಿದ್ಯಾರ್ಥಿಯೇ ಪ್ರತಿಯ ಮೇಲೆ "ಮೂಲಕ್ಕೆ ಸರಿಯಾದ ಪ್ರತಿ" ಎಂದು ಬರೆದು, ಸಹಿ ಮಾಡಿ, ತಾರೀಖು ಹಾಕಿದರೆ ಸಾಕು. ಪ್ರವೇಶದ ದಿನ ಗುಮಾಸ್ತರು ಮೂಲವನ್ನೂ ಪ್ರತಿಯನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡುತ್ತಾರಲ್ಲ, ನಿಜವಾದ ದೃಢೀಕರಣ ಅದು. ದೃಢೀಕೃತ ಪ್ರತಿ ಮುಖ್ಯವಾಗುವುದೂ ಅಲ್ಲೇ: ಕಾಲೇಜಿನ ಕಡತದಲ್ಲಿ ಪ್ರತಿ ಉಳಿಯಬೇಕು, ಮೂಲ ನಮ್ಮ ಕೈಗೆ ವಾಪಸ್ ಬರಬೇಕು. ಯಾವುದೋ ಕಾಲೇಜು ತನ್ನ ಪ್ರಾಸ್ಪೆಕ್ಟಸ್‌ನಲ್ಲಿ ಇನ್ನೂ ಗೆಜೆಟೆಡ್ ಸಹಿಯೇ ಬೇಕು ಎಂದು ಬರೆದಿದ್ದರೆ ಮಾಡಿಸಿಕೊಳ್ಳಿ, ಜಗಳಕ್ಕೆ ಅದು ಜಾಗವಲ್ಲ.

ಜಗಳಕ್ಕೆ ಜಾಗ ಬೇರೆ ಇದೆ. ನನ್ನ ಪಕ್ಕದ ಮನೆಯ ಹುಡುಗಿ ಸೇರಿದ ಕಾಲೇಜು ಅವಳ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿಯ ಮೂಲ ಅಂಕಪಟ್ಟಿಗಳನ್ನು "ವೆರಿಫಿಕೇಷನ್‌ಗೆ" ಎಂದು ಇಟ್ಟುಕೊಂಡಿತು. ಎರಡು ತಿಂಗಳಾದರೂ ಕೊಡಲಿಲ್ಲ. ಇದು ಸಲ್ಲದು. ಯುಜಿಸಿ 2016ರ ಡಿಸೆಂಬರ್‌ನಲ್ಲಿ ಅಧಿಸೂಚನೆ ಹೊರಡಿಸಿ, 2018ರಲ್ಲಿ ಅದನ್ನು ಪರಿಷ್ಕರಿಸಿ, ಸ್ಪಷ್ಟವಾಗಿ ಹೇಳಿದೆ: ಸಂಸ್ಥೆ ಮೂಲವನ್ನು ವಿದ್ಯಾರ್ಥಿಯ ಎದುರಲ್ಲೇ ಪರಿಶೀಲಿಸಿ ತಕ್ಷಣ ಹಿಂತಿರುಗಿಸಬೇಕು, ತನ್ನ ದಾಖಲೆಗೆ ದೃಢೀಕೃತ ಪ್ರತಿ ಇಟ್ಟುಕೊಳ್ಳಬೇಕು. ಕಾಲೇಜು ಯಾಕೆ ಇಟ್ಟುಕೊಳ್ಳುತ್ತದೆ ಎಂಬುದು ಗುಟ್ಟೇನಲ್ಲ. ಮೂಲ ಅವರ ಬೀರುವಿನಲ್ಲಿದ್ದರೆ ಎರಡನೇ ಸುತ್ತಿನಲ್ಲಿ ಬೇರೆ ಕಡೆ ಸೀಟು ಸಿಕ್ಕಿದ ಮಗು ಎದ್ದು ಹೋಗಲಾರದು, ಶುಲ್ಕ ವಾಪಸ್ ಕೇಳಲಾರದು. ಆರು ಸೆಟ್ ಹಸಿರು ಸಹಿ ಮಾಡಿಸಿಕೊಂಡು ಹೋದ ಅಪ್ಪ ಕೌಂಟರಿನಲ್ಲಿ ಮೂಲವನ್ನೂ ಕೈಮುಗಿದು ಕೊಟ್ಟು ಬರುತ್ತಾನೆ! ಹಾಗಾದರೆ ಆ ಆರು ಸೆಟ್ ಯಾತಕ್ಕೆ?

ಇನ್ನು ಮೈಗ್ರೇಷನ್. ಟಿ.ಸಿ. ಕೊಡುವುದು ನೀವು ಓದಿದ ಕಾಲೇಜು, ಮಹಾರಾಷ್ಟ್ರದಲ್ಲಿ ಅದನ್ನೇ ಲೀವಿಂಗ್ ಸರ್ಟಿಫಿಕೇಟ್ ಅನ್ನುತ್ತಾರೆ. ವಲಸೆ ಪ್ರಮಾಣಪತ್ರ ಕೊಡುವುದು ಪರೀಕ್ಷೆ ನಡೆಸಿದ ಮಂಡಳಿ. ಈ ವಿದ್ಯಾರ್ಥಿ ನಮ್ಮಲ್ಲಿ ತೇರ್ಗಡೆಯಾಗಿದ್ದಾನೆ, ಬೇರೆ ಮಂಡಳಿ ಅಥವಾ ವಿಶ್ವವಿದ್ಯಾಲಯಕ್ಕೆ ಹೋಗಲು ನಮ್ಮ ಆಕ್ಷೇಪ ಇಲ್ಲ ಎಂದು ಅದು ಹೇಳುತ್ತದೆ. ನಮ್ಮ ಪಿಯು ಮಕ್ಕಳು ಧಾರವಾಡಕ್ಕೋ ಮೈಸೂರಿಗೋ ಹೋದರೆ ಸಾಮಾನ್ಯವಾಗಿ ಇದರ ಗೊಡವೆ ಬರುವುದಿಲ್ಲ. ಆದ್ದರಿಂದ ತಾಲೂಕಿನ ಕಾಲೇಜಿನಲ್ಲಿ ಯಾರೂ ಅದರ ಹೆಸರೆತ್ತುವುದಿಲ್ಲ. ರಾಜ್ಯದ ಗಡಿ ದಾಟಿದಾಗಲೇ ಅದು ಬೇಕಾಗುವುದು, ಅಂದರೆ ನಮ್ಮಂಥವರ ಮನೆಗೆ ಬಂದಿಳಿಯುವ ಮಕ್ಕಳಿಗೇ.

ಹಾವೇರಿ ಕಡೆಯ ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಬಿ.ಎಸ್ಸಿ.ಗೆ ಮುಂಬಯಿಯಲ್ಲಿ ಸೀಟು ಸಿಕ್ಕಿತು. ಮೈಗ್ರೇಷನ್ ಇರಲಿಲ್ಲ, ಕಾಲೇಜಿನವರು ಮುಚ್ಚಳಿಕೆ ಬರೆಸಿಕೊಂಡು ತಾತ್ಕಾಲಿಕವಾಗಿ ಸೇರಿಸಿಕೊಂಡರು. ಹೊರರಾಜ್ಯದ ಮಂಡಳಿಯಿಂದ ಬಂದವರ ಕಡತ ವಿಶ್ವವಿದ್ಯಾಲಯದ ಎಲಿಜಿಬಿಲಿಟಿ ವಿಭಾಗಕ್ಕೆ ಹೋಗುತ್ತದೆ. ಅಲ್ಲಿ ಅರ್ಹತೆ ಖಚಿತವಾಗುವವರೆಗೆ ಪ್ರವೇಶ ಪಕ್ಕಾ ಅಲ್ಲ. ಹುಡುಗನಿಗೆ ಅದು ಗೊತ್ತಿರಲಿಲ್ಲ, ತರಗತಿಗೆ ಹೋಗುತ್ತಿದ್ದ, ಐ.ಡಿ. ಕಾರ್ಡ್ ಬಂದಿತ್ತು, ಎಲ್ಲ ಮುಗಿಯಿತು ಅಂದುಕೊಂಡಿದ್ದ. ಪರೀಕ್ಷೆ ಬರೆದ, ಫಲಿತಾಂಶದ ದಿನ ಅವನದು ಮಾತ್ರ ತಡೆಹಿಡಿಯಲಾಗಿತ್ತು. ಅಪ್ಪ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ ಪ್ರಮಾಣಪತ್ರ ತಂದರು.

ತಂದಮೇಲೆ ಎರಡನೇ ತೊಡಕು. ಮಂಡಳಿಯ ಪತ್ರದಲ್ಲಿ ಅಂಕಪಟ್ಟಿಯಲ್ಲಿರುವಂತೆ ಹುಡುಗನ ಹೆಸರು, ಹಿಂದೆ ಎರಡು ಇನಿಷಿಯಲ್. ಮುಂಬಯಿಯ ಅರ್ಜಿ ಮೊದಲು ಅಡ್ಡಹೆಸರು, ಆಮೇಲೆ ತನ್ನ ಹೆಸರು, ಆಮೇಲೆ ಅಪ್ಪನ ಹೆಸರು ಕೇಳುತ್ತದೆ. ಅಡ್ಡಹೆಸರಿನ ಖಾನೆಯಲ್ಲಿ ಹುಡುಗ ಊರಿನ ಹೆಸರು ತುಂಬಿದ್ದ. ಕನ್ನಡಿಗರಿಗೆ ಇದೇನು ಹೊಸದಲ್ಲ, ಇನಿಷಿಯಲ್ ಎಂದರೇನು ಎಂದು ಉತ್ತರದ ಗುಮಾಸ್ತರಿಗೆ ಬಿಡಿಸಿ ಹೇಳುತ್ತಲೇ ನಮ್ಮ ಅರ್ಧ ಆಯುಷ್ಯ ಕಳೆದಿದೆ. ಆದರೆ ಎಲಿಜಿಬಿಲಿಟಿ ಮೇಜಿನ ಮೇಲೆ ಇವೆರಡೂ ಬೇರೆ ಬೇರೆ ವ್ಯಕ್ತಿಗಳು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಪ್ರತಿ ಇಟ್ಟು, ಕಾಲೇಜಿನ ಮೂಲಕ ತಿದ್ದುಪಡಿ ಅರ್ಜಿ ಕೊಟ್ಟು, ಇಬ್ಬರೂ ಒಬ್ಬನೇ ಎಂದು ಅಫಿಡವಿಟ್ ಮಾಡಿಸಿದ ಮೇಲೆ ಫಲಿತಾಂಶ ಬಿಡುಗಡೆಯಾಯಿತು. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಹೆಸರು ಹೇಗಿದೆಯೋ ಅಕ್ಷರಕ್ಕೆ ಅಕ್ಷರ ಹಾಗೇ ಎಲ್ಲ ಕಡೆ ಬರೆದಿದ್ದರೆ ಇದು ಹುಟ್ಟುತ್ತಲೇ ಇರಲಿಲ್ಲ.

ಈ ಮೈಗ್ರೇಷನ್ನೇ ಹಳೇ ಕಾಲದ ಕಂತೆ, ಕಿತ್ತುಹಾಕಲಿ ಅನ್ನುವ ಸ್ನೇಹಿತರಿದ್ದಾರೆ. ಒಬ್ಬನೇ ಎರಡು ಕಡೆ ದಾಖಲಾಗದಂತೆ ತಡೆಯುವುದು ಅದರ ಒಂದು ಉದ್ದೇಶವಾಗಿತ್ತು, 2022ರಲ್ಲಿ ಯುಜಿಸಿಯೇ ಏಕಕಾಲಕ್ಕೆ ಎರಡು ಪದವಿ ಓದಬಹುದು ಎಂದಿತಲ್ಲ ಎಂಬುದು ಅವರ ವಾದ. ಅರ್ಧ ಒಪ್ಪುತ್ತೇನೆ. ಆ ಉದ್ದೇಶ ಸೊರಗಿದೆ, ಆದರೆ ಇನ್ನೊಂದು ಉಳಿದಿದೆ. ಅಂಕಪಟ್ಟಿಯನ್ನು ವಿದ್ಯಾರ್ಥಿ ತೋರಿಸುತ್ತಾನೆ, ಮೈಗ್ರೇಷನ್ ಮೂಲಕ ಮಂಡಳಿ ತಾನೇ ಎರಡನೇ ಸಲ ಸಾಕ್ಷಿ ಹೇಳುತ್ತದೆ. ಎಲ್ಲೋ ಒಬ್ಬ ಅಧಿಕಾರಿ, ಹುಡುಗನ ಮುಖವನ್ನೇ ನೋಡದೆ ಹಾಕಿದ ಹಸಿರು ಸಹಿಗಿಂತ ಆ ಸಾಕ್ಷಿಗೆ ತೂಕ ಹೆಚ್ಚು.

ಪತ್ರವನ್ನು ರದ್ದು ಮಾಡಿ ಎಂದು ನಾನು ಕೇಳುತ್ತಿಲ್ಲ, ಅದಕ್ಕಾಗಿ ಓಡಾಟ ಇರಬಾರದು ಅಷ್ಟೇ. ಸಿಬಿಎಸ್‌ಇ ತನ್ನ ಮಕ್ಕಳ ಮೈಗ್ರೇಷನ್ ಪತ್ರವನ್ನು ಡಿಜಿಲಾಕರ್‌ಗೆ ಹಾಕುತ್ತದೆ. ಡಿಜಿಲಾಕರ್‌ನಲ್ಲಿ ಸಂಸ್ಥೆಯೇ ನೀಡಿದ ದಾಖಲೆ ಮೂಲಕ್ಕೆ ಸಮ ಎಂದು 2017ರಿಂದ ನಿಯಮವೇ ಇದೆ. ನಮ್ಮ ಮಂಡಳಿಯೂ ಫಲಿತಾಂಶದ ಜೊತೆಗೇ, ಅರ್ಜಿ ಕೇಳದೆ, ಎಲ್ಲ ಪಿಯು ಮಕ್ಕಳಿಗೂ ಕೊಡಲಿ. ಪುಣೆ, ಹೈದರಾಬಾದ್, ಚೆನ್ನೈಗಳ ಕನ್ನಡ ಸಂಘಗಳು ರಾಜ್ಯೋತ್ಸವದ ಅತಿಥಿಗಳಾಗಿ ಬರುವ ಮಂತ್ರಿಗಳ ಕೈಗೆ ಕೊಡುವ ಮನವಿಯಲ್ಲಿ ಭವನದ ಬೇಡಿಕೆಯ ಪಕ್ಕದಲ್ಲಿ ಇದನ್ನೂ ಒಂದು ಸಾಲು ಬರೆಯಲಿ.

ಅಲ್ಲಿಯವರೆಗೆ, ಈ ಜೂನ್‌ನಲ್ಲಿ ನನಗೆ ಕರೆ ಮಾಡುವವರಿಗೆ ಈಗಲೇ ಉತ್ತರ: ನನಗೆ ಯಾವ ಗೆಜೆಟೆಡ್ ಅಧಿಕಾರಿಯೂ ಪರಿಚಯ ಇಲ್ಲ. ಅಂಕಪಟ್ಟಿ ಕೈಗೆ ಬಂದ ವಾರದಲ್ಲೇ ಮೈಗ್ರೇಷನ್‌ಗೆ ಅರ್ಜಿ ಹಾಕಿ. ಟಿ.ಸಿ. ಮತ್ತು ಮೈಗ್ರೇಷನ್ ಮೂಲವನ್ನು ಕಾಲೇಜಿಗೆ ಕೊಡುವುದು ರೂಢಿ, ಆದ್ದರಿಂದ ಕೊಡುವ ಮೊದಲೇ ಸ್ಕ್ಯಾನ್ ಮಾಡಿಟ್ಟುಕೊಳ್ಳಿ, ಯಾವ ಕಾಗದ ಕೊಟ್ಟಿರಿ ಎಂದು ಮೊಹರು ಹಾಕಿದ ರಸೀದಿ ಕೇಳಿ ಪಡೆಯಿರಿ. ಅಂಕಪಟ್ಟಿಯ ಮೂಲವನ್ನು ಕೌಂಟರಿನಲ್ಲಿ ತೋರಿಸಿ, ತಾಳೆ ನೋಡುವವರೆಗೆ ಅಲ್ಲೇ ನಿಂತು, ವಾಪಸ್ ತೆಗೆದುಕೊಂಡೇ ಹೊರಡಿ.