ಜಿಲ್ಲೆ ಬದಲಾದ್ರೆ ಬಾಯಿ ಬದಲಾಗುತ್ತಾ?



ಸ್ವಲ್ಪ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ.

ನನ್ನ ಅಕ್ಕನ ಮಗ ಐದನೇ ಕ್ಲಾಸು. ರಾಜ್ಯೋತ್ಸವಕ್ಕೆ ಅವರ ಶಾಲೆಯಲ್ಲಿ "ಜಿಲ್ಲೆಗೊಂದು ಕನ್ನಡ" ಅಂತ ಒಂದು ಚಾರ್ಟ್ ಮಾಡಿಸಿದ್ರು. ಕರ್ನಾಟಕದ ನಕಾಶೆ, 31 ಜಿಲ್ಲೆ, ಒಂದೊಂದು ಜಿಲ್ಲೆ ಒಳಗೆ ಒಂದೊಂದು ವಾಕ್ಯ. ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಚಿತ್ರ, ಪಕ್ಕದಲ್ಲಿ "ಏನೈತಲೇ?" ಅಂತ ಬರೆದಿತ್ತು. ನೋಡಿದವರೆಲ್ಲ ನಕ್ಕು ಫೋಟೋ ತಗೊಂಡ್ರು. ಆಮೇಲೆ ಅದೇ ವಾರ ನಮ್ಮ ಹುಡುಗ ಕ್ಲಾಸಿನಲ್ಲಿ "ಐತೆ ಮಿಸ್" ಅಂದಿದ್ದಕ್ಕೆ ನಿಲ್ಲಿಸಿ "ಇದೆ, ಇದೆ" ಅಂತ ಹತ್ತು ಸಲ ಹೇಳಿಸಿದ್ದಾರೆ. ಗೋಡೆ ಮೇಲೆ ಇದ್ದಾಗ ಆ ಮಾತು ಜಿಲ್ಲೆಯ ಹೆಮ್ಮೆ, ನಮ್ಮ ಹುಡುಗನ ಬಾಯಲ್ಲಿ ಬಂದಾಗ ತಪ್ಪು.

ಆ ಚಾರ್ಟ್‌ನಲ್ಲಿ ಎರಡು ಸುಳ್ಳು ಇವೆ. ಒಂದು, ಮಾತಿನ ಗಡಿ ಜಿಲ್ಲೆಯ ಗಡಿಯ ಹಾಗೇ ಓಡುತ್ತೆ ಅನ್ನೋದು. ಇನ್ನೊಂದು, ಒಂದು ಜಿಲ್ಲೆಯ ಎಲ್ಲ ಕೇರಿಯವರ ಬಾಯಲ್ಲೂ ಒಂದೇ ಕನ್ನಡ ಇರುತ್ತೆ ಅನ್ನೋದು.

ಮೊದಲನೇದಕ್ಕೆ ನಮ್ಮ ಹರಪನಹಳ್ಳಿಯನ್ನೇ ತಗೊಳ್ಳಿ. ಈ ತಾಲ್ಲೂಕು 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಅವತ್ತು ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಬಂದವು, ಆದೋನಿ, ರಾಯದುರ್ಗ ಆಂಧ್ರಕ್ಕೆ ಹೋದವು. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಹರಪನಹಳ್ಳಿಯನ್ನ ಬಳ್ಳಾರಿಯಿಂದ ಕಿತ್ತು ದಾವಣಗೆರೆಗೆ ಸೇರಿಸಿದ್ರು. 371(ಜೆ) ಜಾರಿಗೆ ಬಂದಾಗ ಬಳ್ಳಾರಿ ಜಿಲ್ಲೆ ಆ ಪಟ್ಟಿಯಲ್ಲಿತ್ತು, ದಾವಣಗೆರೆ ಇರಲಿಲ್ಲ. ಜನ ಹೋರಾಟ ಮಾಡಿದ್ರು, 2018ರಲ್ಲಿ ತಾಲ್ಲೂಕು ವಾಪಸ್ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆ ಆಯ್ತು, ಹರಪನಹಳ್ಳಿ ಅದರೊಳಗೆ ಹೋಯ್ತು. ಅಂದ್ರೆ 1997ಕ್ಕೆ ಮುಂಚೆ ಹುಟ್ಟಿದ ಅಲ್ಲಿನ ಯಾರೇ ಆಗಲಿ, ಮನೆ ಬದಲಾಯಿಸದೇ ನಾಲ್ಕು ಸಲ ವಿಳಾಸದಲ್ಲಿ ಜಿಲ್ಲೆ ಬರೆದಿದ್ದಾರೆ: ಬಳ್ಳಾರಿ, ದಾವಣಗೆರೆ, ಮತ್ತೆ ಬಳ್ಳಾರಿ, ಈಗ ವಿಜಯನಗರ.

ಜಿಲ್ಲೆ ಗೆರೆಗೆ ಬೆಲೆ ಇಲ್ಲ ಅಂತ ನಾನು ಹೇಳ್ತಿಲ್ಲ. ಗುಮಾಸ್ತಿಕೆ ಮಾಡೋನು ನಾನು, ಒಂದು ಗೆರೆ ಆಚೆ ಈಚೆ ಆದ್ರೆ ನೌಕರಿ ಮೀಸಲಾತಿ, ಸೀಟು ಹೇಗೆ ಬದಲಾಗ್ತವೆ ಅಂತ ಗೊತ್ತು. ಆದ್ರೆ ಆ ನಾಲ್ಕು ಸಲದಲ್ಲಿ ಒಂದು ಸಲಕ್ಕೂ ಅಲ್ಲಿನ ಮುದುಕಿಯೊಬ್ಬಳು "ಮನಿ" ಅನ್ನೋದನ್ನ "ಮನೆ" ಅಂತ ಬದಲಾಯಿಸಲಿಲ್ಲ. ಆಡಳಿತದ ಗೆರೆಯನ್ನ ಒಂದು ಗೆಜೆಟ್ ಅಧಿಸೂಚನೆ ಎಳೆಯುತ್ತೆ. ಮಾತಿನ ಗೆರೆಯನ್ನ ಸಂತೆ, ಹೆಣ್ಣು ಕೊಟ್ಟು ತಂದ ಊರು, ಕೂಲಿಗೆ ಹೋದ ದಿಕ್ಕು, ನದಿ, ಹಳೇ ಆಳ್ವಿಕೆ ಎಳೆಯುತ್ತವೆ.

ಇದೇ ದಾವಣಗೆರೆ ಜಿಲ್ಲೆಯನ್ನ ನೋಡಿ. 1997ರಲ್ಲಿ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ ಬಂದವು. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ ಬಂದವು. ಹರಿಹರದ ಹತ್ತಿರ ತುಂಗಭದ್ರೆ ದಾಟಿದ್ರೆ ರಾಣೆಬೆನ್ನೂರು ಕಡೆ. ಅದು ಮೊದಲು ಧಾರವಾಡ ಜಿಲ್ಲೆ, ಅದಕ್ಕೂ ಮುಂಚೆ ಮುಂಬೈ ಪ್ರಾಂತ್ಯ, ಈಗ ಹಾವೇರಿ. ಇಂಥ ಜಾಗಕ್ಕೆ "ದಾವಣಗೆರೆ ಕನ್ನಡ" ಅಂತ ಒಂದು ವಾಕ್ಯ ಬರೆಯೋದು ಹೇಗೆ?

ಒಂದೇ ವಾಕ್ಯ ಇಟ್ಕೊಂಡು ನೋಡೋಣ. ಪುಸ್ತಕದ ಕನ್ನಡದಲ್ಲಿ: "ಅಪ್ಪ ಮನೆಯಲ್ಲಿ ಕುಳಿತಿದ್ದಾನೆ, ಉಣ್ಣಲು ರೊಟ್ಟಿ ಇದೆ."

ನಮ್ಮ ಆಫೀಸಿಗೆ ಚನ್ನಗಿರಿ ಕಡೆಯಿಂದ ಬರೋ ಕೂಲಿ ಜನರ ಬಾಯಲ್ಲಿ ನಾನು ಕೇಳೋದು: "ಅಪ್ಪ ಮನ್ಯಾಗೆ ಕುಂತಾನೆ, ಉಣ್ಣಾಕೆ ರೊಟ್ಟಿ ಐತೆ."

ಹರಪನಹಳ್ಳಿ ಕಡೆಯವರು: "ಅಪ್ಪ ಮನ್ಯಾಗ ಕುಂತಾನ, ಉಣ್ಣಾಕ ರೊಟ್ಟಿ ಐತಿ."

ಈ ಎರಡನ್ನೂ ಹತ್ತಿರ ಇಟ್ಟು ನೋಡಿ. ಬೇರೆ ಏನಿದೆ? ಪದದ ಕೊನೇ ಸ್ವರ ಮಾತ್ರ. ದಕ್ಷಿಣದ ಕೊನೇ "ಎ" ಉತ್ತರಕ್ಕೆ ಹೋಗ್ತಾ "ಮನಿ", "ಐತಿ" ಅನ್ನೋ ಕಡೆ "ಇ" ಆಗುತ್ತೆ, "ಮನ್ಯಾಗ", "ಕುಂತಾನ" ಅನ್ನೋ ಕಡೆ "ಅ" ಆಗುತ್ತೆ. ಇದು ನಿಜವಾಗಿ ಭೂಗೋಳದ ಗೆರೆ. ಅದೂ ಒಂದೇ ಗೆರೆ ಅಲ್ಲ. "ಮನೆ-ಮನಿ" ಒಂದು ಊರಲ್ಲಿ ಬದಲಾದ್ರೆ "ಮನ್ಯಾಗೆ-ಮನ್ಯಾಗ" ಇನ್ನೊಂದು ಊರಲ್ಲಿ ಬದಲಾಗಬಹುದು. ನಡುವಿನ ಊರುಗಳಲ್ಲಿ ಎರಡೂ ಕೇಳುತ್ತೆ, ಒಬ್ಬನೇ ಮನುಷ್ಯನ ಬಾಯಲ್ಲೂ ಕೇಳುತ್ತೆ. ಪದದ ಮೊದಲಿನ "ಹ"ಕಾರ ಬಿಡೋ ರೂಢಿ ಇನ್ನೊಂದು ಗೆರೆ. ಹರಪನಹಳ್ಳಿಯಲ್ಲಿ "ಹಾಲು" ಅನ್ನೋದು ಚಿತ್ರದುರ್ಗ, ತುಮಕೂರು, ಮಂಡ್ಯ ಕಡೆ ಹಳ್ಳಿ ಬಾಯಲ್ಲಿ "ಆಲು" ಆಗುತ್ತೆ. ಇದನ್ನ ಅಕಾರ ಹಕಾರ ಬಾರದವರು ಅಂತ ಆಡ್ಕೊಳ್ತಾರೆ. ಹಳಗನ್ನಡದಲ್ಲಿ ಅದು "ಪಾಲ್" ಆಗಿತ್ತು. "ಪ" ಹೋಗಿ "ಹ" ಬಂದಾಗ ಅದು ಭಾಷೆಯ ಬೆಳವಣಿಗೆ, "ಹ" ಹೋಗಿ "ಆಲು" ಆದಾಗ ಮಾತ್ರ ಅನಾಗರಿಕತೆ. ಒಂದೇ ದಾರಿಯ ಎರಡನೇ ಹೆಜ್ಜೆ ಅದು, ಅಷ್ಟೇ.

ಈಗ ಎರಡನೇ ಸುಳ್ಳಿಗೆ ಬರ್ತೀನಿ. ಅದೇ ವಾಕ್ಯವನ್ನ ಬೆಂಗಳೂರು-ಮೈಸೂರು ಕಡೆಯ ಮೇಲ್ಜಾತಿ ಮನೆಯಲ್ಲಿ ಕೇಳಿ: "ಅಪ್ಪ ಮನೇಲಿ ಕೂತಿದಾರೆ, ಊಟ ಮಾಡೋಕ್ಕೆ ರೊಟ್ಟಿ ಇದೆ." ಇದಕ್ಕೂ ಚನ್ನಗಿರಿ ಕೂಲಿಯವನ ಮಾತಿಗೂ ಎಷ್ಟು ಅಂತರ ಇದೆ ನೋಡಿ. ಕೊನೇ ಸ್ವರ ಮಾತ್ರ ಅಲ್ಲ, ಪ್ರತ್ಯಯಗಳೇ ಬೇರೆ. "ಅಲ್ಲಿ" ಒಂದು ಕಡೆ, "ಆಗೆ" ಇನ್ನೊಂದು ಕಡೆ. "ಓಕ್ಕೆ" ಒಂದು ಕಡೆ, "ಆಕೆ" ಇನ್ನೊಂದು ಕಡೆ. "ಕೂತ" ಮತ್ತು "ಕುಂತ". "ಇದೆ" ಮತ್ತು "ಐತೆ".

ಇದು ನನ್ನ ಕಲ್ಪನೆ ಅಲ್ಲ. ವಿಲಿಯಂ ಬ್ರೈಟ್ ಅನ್ನೋ ಅಮೆರಿಕದ ಭಾಷಾವಿಜ್ಞಾನಿ 1960ರಲ್ಲೇ ಹಳೇ ಮೈಸೂರು ಕಡೆಯ ಬ್ರಾಹ್ಮಣರ ಮತ್ತು ಒಕ್ಕಲಿಗರ ಮಾತನ್ನ ಹೋಲಿಸಿ, ಇವೇ ಜೋಡಿಗಳನ್ನ ಜಾತಿಯ ವ್ಯತ್ಯಾಸ ಅಂತ ತೋರಿಸಿದ್ದರು. ಅದೇ ಹೊತ್ತಿಗೆ ವಿಲಿಯಂ ಮೆಕ್‌ಕಾರ್ಮಕ್ ಧಾರವಾಡದ ಜಾತಿ ಕನ್ನಡಗಳ ಬಗ್ಗೆ ಬರೆದಿದ್ದರು. ಧಾರವಾಡದಲ್ಲೂ ಬ್ರಾಹ್ಮಣರ ಮನೆಯಲ್ಲಿ "ಅದ" ಕೇಳುತ್ತೆ, ಉಳಿದವರ ಓಣಿಯಲ್ಲಿ "ಐತಿ".

ಈಗ ಇದನ್ನ ನಕಾಶೆ ಮೇಲೆ ಇಡಿ. ಮೈಸೂರು ಕನ್ನಡ, ಧಾರವಾಡ ಕನ್ನಡ, ಕಲಬುರಗಿ ಕನ್ನಡ, ಕರಾವಳಿ ಕನ್ನಡ ಅಂತ ನಾಲ್ಕು ತುಂಡು ಮಾಡಿ ಪುಸ್ತಕದಲ್ಲಿ ಕಲಿಸ್ತಾರಲ್ಲ, ಆ ಮೈಸೂರು ತುಂಡಿಗೆ ಗುರುತಾಗಿ "ಇದೆ", "ಅಲ್ಲಿ" ಕೊಡೋರು ಯಾರ ಬಾಯಿಂದ ಅದನ್ನ ತಗೊಂಡ್ರು? ದುಡಿಯೋ ಜನರ ಬಾಯಿಂದ ತಗೊಂಡಿದ್ರೆ "ಐತೆ-ಐತಿ", "ಆಗೆ-ಆಗ", "ಆಕೆ-ಆಕ", "ಕುಂತ" ಇವು ತುಮಕೂರು ಕಡೆಯಿಂದ ಚಿತ್ರದುರ್ಗ, ದಾವಣಗೆರೆ ಹಾದು ತುಂಗಭದ್ರೆ ದಾಟಿ ಧಾರವಾಡದವರೆಗೆ ಹಬ್ಬಿರೋದು ಕಾಣ್ತಿತ್ತು. ಮೈಸೂರು, ಧಾರವಾಡ ಅನ್ನೋ ದೊಡ್ಡ ಗೋಡೆ ಆ ಪದಗಳ ಮಟ್ಟಿಗೆ ಅಲ್ಲಿ ಇಲ್ಲ. ಹಾಗಂತ ದಕ್ಷಿಣ ಪೂರ್ತಿ "ಐತೆ" ಅಂತಾನೂ ಅಲ್ಲ. ಮೈಸೂರು, ಚಾಮರಾಜನಗರದ ಹಳ್ಳಿಗಳಲ್ಲಿ "ಅದೆ", "ಅದ" ಇದೆ. ಅತ್ತ ಕಲಬುರಗಿ, ಬೀದರ್‌ನಲ್ಲೂ "ಅದ". ರಾಜ್ಯದ ಎರಡು ತುದಿ ಒಂದೇ ಪದ. ಧಾರವಾಡದಲ್ಲಿ ಬ್ರಾಹ್ಮಣರ ಗುರುತಾದ "ಅದ" ಚಾಮರಾಜನಗರದಲ್ಲಿ ನಮ್ಮ ಕೇರಿಗಳ ಮಾತು. ದೇವನೂರ ಮಹಾದೇವ ಆ ಸೀಮೆಯ ಮಾತಲ್ಲೇ 'ಕುಸುಮಬಾಲೆ' ಬರೆದು ಅಕಾಡೆಮಿ ಪ್ರಶಸ್ತಿ ತಂದ್ರು. ಹಾಗಾಗಿ ಯಾವ ಪದವೂ ತಾನಾಗೇ ಮೇಲೂ ಅಲ್ಲ, ಕೀಳೂ ಅಲ್ಲ. ಯಾರು ಆಡ್ತಾರೆ ಅನ್ನೋದರ ಮೇಲೆ ಅದಕ್ಕೆ ಬೆಲೆ ಕಟ್ತಾರೆ.

ಇಲ್ಲಿ ಒಂದು ಮೋಸ ಆಗುತ್ತೆ, ಅದನ್ನ ನಾನು ದಿನಾ ಕೌಂಟರ್‌ನಲ್ಲಿ ನೋಡ್ತೀನಿ. ಹಳ್ಳಿಯಿಂದ ಬಂದೋರು ನನ್ನ ಹತ್ರ "ಆಧಾರ್ ಇದೆ ಸಾರ್" ಅಂತಾರೆ. ಪಕ್ಕಕ್ಕೆ ತಿರುಗಿ ಹೆಂಡತಿಗೆ "ಚೀಲದಾಗೆ ಐತೇನು ನೋಡೇ" ಅಂತಾರೆ. ಪ್ಯಾಂಟು ಹಾಕ್ಕೊಂಡು ಪೆನ್ನು ಹಿಡ್ಕೊಂಡು ಹೋಗಿ "ನೀವು ಇದಕ್ಕೆ ಏನಂತೀರಿ" ಅಂತ ಕೇಳಿದ್ರೆ ಸಿಗೋದು ಮೊದಲನೇ ಉತ್ತರ. ಅದೂ ಸಾಮಾನ್ಯವಾಗಿ ಊರ ನಡುವಿನ ದೊಡ್ಡ ಮನೆ ಜಗಲಿ ಮೇಲೆ ಕೂತು ಕೇಳಿರ್ತಾರೆ. ಕೇರಿವರೆಗೆ ಬರೋದಿಲ್ಲ. ಹಂಗೆ ಬರ್ಕೊಂಡು ಹೋದದ್ದೇ ಆಮೇಲೆ "ಜಿಲ್ಲೆಯ ಕನ್ನಡ" ಆಗುತ್ತೆ.

ಅದಕ್ಕೇ ನಮ್ಮ ಹುಡುಗರಿಗೆ ಒಂದು ಕೆಲಸ ಹೇಳ್ತೀನಿ. ಜಿಲ್ಲೆ ಗಡಿಯ ಆಚೆ ಒಂದು ಊರು, ಈಚೆ ಒಂದು ಊರು ತಗೊಳ್ಳಿ. ಎರಡೂ ಊರಲ್ಲಿ ನಮ್ಮ ಕೇರಿಯವರು, ಒಕ್ಕಲು ಮನೆಯವರು, ಹೆಚ್ಚು ಓದಿದ ಮನೆಯವರು, ಹೀಗೆ ಮೂರು ಮನೆ. ಮನೆಗೊಬ್ಬರು ಅರವತ್ತು ದಾಟಿದ ಹೆಂಗಸು, ಶಾಲೆಯ ಪ್ರಭಾವ ಕಡಿಮೆ ಇರುತ್ತೆ. ಒಪ್ಪಿಗೆ ಕೇಳಿ ಫೋನಲ್ಲಿ ರೆಕಾರ್ಡ್ ಮಾಡಿ. "ಇದಕ್ಕೆ ಏನಂತೀರಿ" ಅನ್ನಬೇಡಿ. ಮದುವೆ ಆಗಿ ಬಂದ ದಿನದ ಕಥೆ ಕೇಳಿ, ಅರ್ಧ ಗಂಟೆ ಮಾತಾಡೋಕೆ ಬಿಡಿ. ಮೊದಲ ಹತ್ತು ನಿಮಿಷದ ಬಿಗಿ ಮಾತನ್ನ ನಂಬಬೇಡಿ. ಆಮೇಲೆ ಆರೇ ಆರು ಗುರುತು ಹುಡುಕಿ: ಇದೆ, ಮನೆ, ಮನೆಯಲ್ಲಿ, ಮಾಡಲು, ಕುಳಿತು, ಹಾಲು. ಗಡಿ ದಾಟಿದ್ದಕ್ಕೆ ಎಷ್ಟು ಬದಲಾಯ್ತು, ಅದೇ ಊರಲ್ಲಿ ಕೇರಿ ದಾಟಿದ್ದಕ್ಕೆ ಎಷ್ಟು ಬದಲಾಯ್ತು, ಎಣಿಸಿ. ಆರು ಜನರಿಂದ ಇಡೀ ನಾಡಿನ ನಕಾಶೆ ಬರೆಯೋಕೆ ಆಗಲ್ಲ, ಗೊತ್ತು. ಆದ್ರೆ ಶಾಲೆ ಚಾರ್ಟ್ ಎಷ್ಟು ಸುಳ್ಳು ಅಂತ ತೋರಿಸೋಕೆ ಅಷ್ಟು ಸಾಕು.

ಶಿಕ್ಷಕ ಗೆಳೆಯರಿಗೆ ಒಂದು ಮಾತು. ಮಕ್ಕಳಿಗೆ ಬರವಣಿಗೆಯ "ಇದೆ" ಕಲಿಸಿ, ಖಂಡಿತ ಕಲಿಸಿ. ಅದು ಬಾರದಿದ್ರೆ ಪರೀಕ್ಷೆಯಲ್ಲಿ, ಅರ್ಜಿಯಲ್ಲಿ ಹೊಡೆತ ಬೀಳೋದು ನಮ್ಮ ಮಕ್ಕಳಿಗೇ. ಆದ್ರೆ "ನೀನು ಮನ್ಯಾಗೆ ಐತೆ ಅಂತೀಯಲ್ಲ, ಅದನ್ನ ಪುಸ್ತಕದಲ್ಲಿ ಮನೆಯಲ್ಲಿ ಇದೆ ಅಂತ ಬರೀತಾರೆ" ಅಂದ್ರೆ ಮುಗೀತು. ಬಾಯಲ್ಲಿ ಬಂದದ್ದಕ್ಕೆ ನಿಲ್ಲಿಸಿ ಹತ್ತು ಸಲ ಹೇಳಿಸಿದ್ರೆ, ಆ ಮಗು ಕಲಿಯೋದು "ಇದೆ" ಅಲ್ಲ, ತನ್ನ ಅವ್ವ ಮಾತಾಡೋದು ತಪ್ಪು ಅಂತ.

ನಮ್ಮ ಹುಡುಗ ಆವತ್ತು ಸಂಜೆ ಮನೆಗೆ ಬಂದು ನಮ್ಮಕ್ಕನಿಗೆ "ಅವ್ವಾ, ಐತೆ ಅನ್ನಬೇಡ" ಅಂದ. ನಮ್ಮಕ್ಕ ಏನೂ ಹೇಳದೆ ತಟ್ಟೆ ಹಾಕಿದಳು. ನಾನು ಈ ಪೋಸ್ಟ್ ಬರೆಯೋಕೆ ಕೂತೆ.

ನಿಮ್ಮ ಊರಲ್ಲಿ ಏನಂತೀರಿ, "ಐತೆ"ನೋ "ಐತಿ"ನೋ "ಅದ"ನೋ? ಜಿಲ್ಲೆ ಬೇಡ, ಊರು ಮತ್ತು ತಾಲ್ಲೂಕು ಹೆಸರು ಹಾಕಿ ಬರೀರಿ.

ಜೈ ಭೀಮ್.